ಹುಟ್ಟಿದ ದಿನಾಂಕದ ಖಾನೆಯಿಂದ ಶುರು: ಮಕ್ಕಳ ಮೊಬೈಲ್ ಭದ್ರತೆ, ನಾಲ್ಕರಿಂದ ಹದಿನೆಂಟರವರೆಗೆ

ಹೊಸ ಖಾತೆ ತೆರೆಯುವಾಗ ಪರದೆಯ ಮೇಲೆ ಹುಟ್ಟಿದ ದಿನಾಂಕ ಕೇಳುವ ಖಾನೆ ಬರುತ್ತದೆ. ಹನ್ನೊಂದು ವರ್ಷದ ಹುಡುಗ ಇಸವಿಯ ಪಟ್ಟಿಯನ್ನು ಬೆರಳಿನಿಂದ ಒಮ್ಮೆ ಜೋರಾಗಿ ಉರುಳಿಸಿದರೆ ಅದು 1998ಕ್ಕೋ 2001ಕ್ಕೋ ಹೋಗಿ ನಿಲ್ಲುತ್ತದೆ. ಆ ಕ್ಷಣದಿಂದ ಆ ಕಂಪನಿಯ ಲೆಕ್ಕದಲ್ಲಿ ಅವನು ದೊಡ್ಡವನು. ದೊಡ್ಡವರಿಗೆ ತೋರಿಸುವ ಜಾಹೀರಾತು ಅವನಿಗೂ ಬರುತ್ತದೆ, ಅಪರಿಚಿತರ ಸಂದೇಶಕ್ಕೆ ಬಾಗಿಲು ತೆರೆದಿರುತ್ತದೆ, ಮಕ್ಕಳಿಗೆಂದೇ ಇಟ್ಟ ತಡೆಗಳಲ್ಲಿ ಒಂದೂ ಅವನಿಗೆ ಅನ್ವಯಿಸುವುದಿಲ್ಲ. ಎಷ್ಟೋ ಮನೆಗಳಲ್ಲಿ ಆ ಇಸವಿಯನ್ನು ಉರುಳಿಸಿಕೊಟ್ಟವರು ಅಪ್ಪ ಅಮ್ಮಂದಿರೇ, ‘ಇಲ್ಲದಿದ್ದರೆ ಖಾತೆ ತೆರೆಯುವುದಿಲ್ಲ’ ಎಂಬ ಕಾರಣಕ್ಕೆ. ಆಮೇಲೆ ಎಷ್ಟು ಬೀಗದ ಆ್ಯಪ್ ಹಾಕಿದರೂ ಆ ಒಂದು ಸುಳ್ಳು ಕೆಳಗೆ ಹಾಗೆಯೇ ಕೂತಿರುತ್ತದೆ.

ಆದ್ದರಿಂದ ಈ ಮಾರ್ಗದರ್ಶಿಯ ಎಳೆ ಒಂದೇ: ಪ್ರತಿ ಮಗುವಿಗೂ ಅದರ ನಿಜವಾದ ವಯಸ್ಸಿನ ಖಾತೆ ಇರಬೇಕು, ಆ ವಯಸ್ಸಿಗೆ ಸಿಗುವ ರಕ್ಷಣೆಗಳನ್ನು ಪೂರ್ತಿ ಬಳಸಿಕೊಳ್ಳಬೇಕು. ಮಾತು ಗಾಳಿಯಲ್ಲಿ ಹೋಗದಿರಲಿ ಎಂದು ಒಂದು ಮನೆಯನ್ನು ಊಹಿಸಿಕೊಳ್ಳೋಣ. ಊರು ತಿಪಟೂರು. ಅಪ್ಪನದು ಕೊಬ್ಬರಿ ವ್ಯಾಪಾರ, ಅಮ್ಮ ಶಾಲೆಯಲ್ಲಿ ಶಿಕ್ಷಕಿ. ಮೂವರು ಮಕ್ಕಳು: ನಾಲ್ಕು ವರ್ಷದ ಪುಟ್ಟಿ, ಒಂಬತ್ತರ ಮಗ, ಹದಿನಾಲ್ಕರ ದೊಡ್ಡ ಮಗಳು. ಪುಟ್ಟಿ ನೋಡುವುದು ಅಮ್ಮನ ಫೋನಿನಲ್ಲಿ, ಮಗ ಆಡುವುದು ಅಪ್ಪನ ಹಳೆಯ ಫೋನಿನಲ್ಲಿ, ಮಗಳಿಗೆ ಅವಳದೇ ಫೋನಿದೆ. ಎಲ್ಲವೂ ಆಂಡ್ರಾಯ್ಡ್. ಫೋನಿನ ಕಂಪನಿ ಬದಲಾದರೆ ಮೆನುವಿನ ಹೆಸರು ತುಸು ಬದಲಾಗುತ್ತದೆ. ಸೆಟ್ಟಿಂಗ್ಸ್‌ನ ಮೇಲ್ಭಾಗದಲ್ಲಿರುವ ಹುಡುಕುವ ಪಟ್ಟಿಯಲ್ಲಿ ಇಲ್ಲಿ ಕೊಟ್ಟ ಹೆಸರನ್ನು ಟೈಪ್ ಮಾಡಿದರೆ ಸಾಮಾನ್ಯವಾಗಿ ಸಿಗುತ್ತದೆ.

ಮೊದಲ ಕೆಲಸ ಅಮ್ಮನ ಫೋನಿನಲ್ಲಿ

ಮಗುವಿನ ಕೈಗೆ ಹೋಗುವ ದೊಡ್ಡವರ ಫೋನಿನಲ್ಲಿ ಬ್ಯಾಂಕ್ ಇದೆ, ಯುಪಿಐ ಇದೆ, ಶಾಲೆಯ ಗ್ರೂಪುಗಳಿವೆ. ಆಟದೊಳಗಿನ ಖರೀದಿಯಿಂದ ಹಣ ಹೋದಾಗ ‘ಒಟಿಪಿ ಇಲ್ಲದೆ ಹೇಗೆ ಹೋಯಿತು’ ಎಂದು ಕೇಳುವವರಿದ್ದಾರೆ. ಒಟಿಪಿ ಬರುವುದೂ ಅದೇ ಫೋನಿಗೆ, ಅದು ಮಗುವಿನ ಕೈಯಲ್ಲಿಯೇ ಇತ್ತು. ಇನ್ನು ಯುಪಿಐ ಪಿನ್: ಅಂಗಡಿಯ ಮುಂದೆ ನಿಂತು ನಾವು ಒತ್ತುವ ನಾಲ್ಕೋ ಆರೋ ಅಂಕಿಗಳನ್ನು ಪಕ್ಕದಲ್ಲಿರುವ ಒಂಬತ್ತರ ಹುಡುಗ ಒಂದು ವಾರದಲ್ಲಿ ಕಲಿತುಬಿಡುತ್ತಾನೆ.

ಮೊದಲಿಗೆ, ಪ್ಲೇ ಸ್ಟೋರ್ ತೆರೆದು ಮೇಲಿನ ಬಲ ಮೂಲೆಯ ಪ್ರೊಫೈಲ್ ಚಿತ್ರವನ್ನು ಒತ್ತಿ, Settings ಒಳಗೆ Purchase verification ಹುಡುಕಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಿ. ಮಕ್ಕಳ ಬೆರಳಚ್ಚನ್ನು ಫೋನಿನಲ್ಲಿ ಸೇರಿಸಿದ್ದರೆ ತೆಗೆದುಹಾಕಿ. ಬೆರಳಚ್ಚಿನಿಂದ ಪರದೆ ತೆರೆಯುವವರು ಅದೇ ಬೆರಳಿನಿಂದ ಖರೀದಿಗೂ ಒಪ್ಪಿಗೆ ಕೊಡಬಲ್ಲರು.

ಎರಡನೆಯದು ಆ್ಯಪ್ ಪಿನ್ ಮಾಡುವುದು. ಸೆಟ್ಟಿಂಗ್ಸ್‌ನಲ್ಲಿ App pinning ಎಂದು ಹುಡುಕಿ ಚಾಲೂ ಮಾಡಿ, ಬಿಡಿಸುವಾಗ ಪಿನ್ ಕೇಳಬೇಕು ಎಂಬ ಆಯ್ಕೆಯನ್ನೂ ಒತ್ತಿ. ಆಮೇಲೆ ಮಗು ನೋಡಬೇಕಾದ ಆ್ಯಪ್ ತೆರೆದು, ಇತ್ತೀಚಿನ ಆ್ಯಪ್‌ಗಳ ಪಟ್ಟಿಗೆ ಹೋಗಿ, ಅದರ ಚಿಹ್ನೆಯನ್ನು ಒತ್ತಿ Pin ಆರಿಸಿ. ಇನ್ನು ಫೋನು ಆ ಒಂದು ಆ್ಯಪ್‌ನಲ್ಲಿಯೇ ನಿಲ್ಲುತ್ತದೆ. ಹೊರಬರಲು ನಿಮ್ಮ ಪಿನ್ ಬೇಕು. ಐಫೋನಿನಲ್ಲಿ ಇದೇ ಕೆಲಸಕ್ಕೆ Guided Access ಇದೆ. ಪುಟ್ಟಿಯ ಕೈಗೆ ಫೋನು ಹೋಗುವುದೆಂದರೆ ಪಿನ್ ಮಾಡಿಯೇ ಹೋಗಬೇಕು ಎಂಬುದು ಈ ಮನೆಯಲ್ಲಿ ಅಜ್ಜಿಗೂ ಗೊತ್ತಿರಬೇಕು. ಮಧ್ಯಾಹ್ನ ಮಗುವನ್ನು ನೋಡಿಕೊಳ್ಳುವವರು ಅವರೇ.

ನಾಲ್ಕು ವರ್ಷ: ಪಕ್ಕದಲ್ಲಿ ಕೂತು ನೋಡುವ ಕಾಲ

ಎರಡು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆ. ದೂರದ ಊರಿನ ಅಜ್ಜ ಅಜ್ಜಿಯೊಂದಿಗೆ ವಿಡಿಯೊ ಕರೆಯಲ್ಲಿ ಮಾತಾಡುವುದನ್ನು ನಾನಂತೂ ಈ ಲೆಕ್ಕದಿಂದ ಹೊರಗಿಡುತ್ತೇನೆ. ಆದರೆ ಈ ವಯಸ್ಸಿನಲ್ಲಿ ಎಷ್ಟು ಹೊತ್ತು ಎನ್ನುವುದಕ್ಕಿಂತ ಮುಂದಿನ ವಿಡಿಯೊವನ್ನು ಯಾರು ಆರಿಸುತ್ತಾರೆ ಎನ್ನುವುದು ಹೆಚ್ಚು ಮುಖ್ಯ.

2017ರಲ್ಲಿ ಇದು ಜಗತ್ತಿಗೆಲ್ಲ ಗೊತ್ತಾಯಿತು. ಮಕ್ಕಳಿಗೆ ಪರಿಚಿತವಾದ ಕಾರ್ಟೂನ್ ಪಾತ್ರಗಳನ್ನೇ ಬಳಸಿ ಹಿಂಸೆ, ಚುಚ್ಚುಮದ್ದಿನ ಭಯ, ಅಸಭ್ಯತೆ ತುಂಬಿದ ವಿಡಿಯೊಗಳು ಯೂಟ್ಯೂಬ್‌ನಲ್ಲಿ ಹರಡಿದ್ದವು, ಕೆಲವು ಮಕ್ಕಳ ಆ್ಯಪ್‌ನೊಳಗೂ ನುಸುಳಿದ್ದವು. ಹೆಸರು, ಬಣ್ಣ, ಸಂಗೀತ ಎಲ್ಲವೂ ಮಕ್ಕಳದೇ ಆಗಿದ್ದರಿಂದ ಯಂತ್ರದ ಜರಡಿ ಅವನ್ನು ಬಿಟ್ಟುಕೊಟ್ಟಿತ್ತು. ಆ ಬಳಿಕ ಕಂಪನಿ ಬಹಳಷ್ಟನ್ನು ತೆಗೆದುಹಾಕಿತು. ಆದರೂ ಯಂತ್ರವೇ ಆರಿಸುವ ಪಟ್ಟಿಯಲ್ಲಿ ಇಂಥದ್ದು ಮತ್ತೆ ಬರುವುದಿಲ್ಲ ಎನ್ನುವ ಭರವಸೆಯನ್ನು ಯಾರೂ ಕೊಡಲಾರರು.

ಹಾಗಾಗಿ ಪುಟ್ಟಿಗೆ ಯೂಟ್ಯೂಬ್ ಕಿಡ್ಸ್ ಹಾಕಿ, ವಯಸ್ಸಿನ ಗುಂಪು ಆರಿಸುವ ಕಡೆ ಅಲ್ಲಿರುವ ಮೂರು ಗುಂಪುಗಳನ್ನೂ ಬಿಟ್ಟು Approve content yourself ಎಂಬುದನ್ನು ಆರಿಸಿ. ಆಗ ನೀವು ಒಪ್ಪಿದ ಚಾನೆಲ್ ಮತ್ತು ವಿಡಿಯೊಗಳು ಮಾತ್ರ ಕಾಣುತ್ತವೆ. ಹುಡುಕುವ ಸೌಲಭ್ಯ ತಾನಾಗಿ ಮುಚ್ಚಿಹೋಗುತ್ತದೆ. ಒಂದು ಭಾನುವಾರ ಕೂತು ಶಿಶುಗೀತೆ, ಕಥೆ, ಪ್ರಾಣಿಗಳ ವಿಡಿಯೊ ಎಂದು ಹತ್ತಿಪ್ಪತ್ತು ಆರಿಸಿಟ್ಟರೆ ಸಾಕು. ಒಂದೇ ಹಾಡನ್ನು ನೂರು ಸಲ ನೋಡಲು ಈ ವಯಸ್ಸಿನವರಿಗೆ ಬೇಸರವಿಲ್ಲ, ಬೇಸರವೆಲ್ಲ ನಮಗೆ. ಬೇಕಾದ ಕನ್ನಡದ ವಿಡಿಯೊ ಆ ಆ್ಯಪ್‌ನಲ್ಲಿ ಸಿಗದಿದ್ದರೆ ಸಾಮಾನ್ಯ ಯೂಟ್ಯೂಬ್‌ನಲ್ಲಿ ನಿಮ್ಮದೇ ಪಟ್ಟಿ ಮಾಡಿ, ಟಿವಿಯಲ್ಲಿ ಹಾಕಿ, ಪಕ್ಕದಲ್ಲಿ ಕೂರಿ.

ಇಲ್ಲಿ ಒಂದು ಚಿಕ್ಕ ತೂತಿದೆ. ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಲು ಅದು ದೊಡ್ಡವರೇ ಹೌದೇ ಎಂದು ಪರೀಕ್ಷಿಸಲು ಒಂದು ಗುಣಾಕಾರ ಕೇಳುತ್ತದೆ. ಪುಟ್ಟಿಗೆ ಮಗ್ಗಿ ಬಾರದು, ಆದರೆ ಅವಳ ಒಂಬತ್ತು ವರ್ಷದ ಅಣ್ಣನಿಗೆ ಬರುತ್ತದೆ. ಗುಣಾಕಾರದ ಬದಲು ನಿಮ್ಮದೇ ನಾಲ್ಕಂಕಿಯ ಗುಟ್ಟಿನ ಸಂಖ್ಯೆ ಇಡುವ ಅವಕಾಶ ಅಲ್ಲಿಯೇ ಇದೆ, ಬಳಸಿಕೊಳ್ಳಿ. ಅಲ್ಲಿಯೇ ಸಿಗುವ ಟೈಮರ್ ಅನ್ನೂ ಹಾಕಿ. ಹೊತ್ತು ಮುಗಿದಾಗ ಆ್ಯಪ್ ತಾನೇ ಮುಚ್ಚಿಕೊಳ್ಳುತ್ತದೆ, ಅಳು ಆ್ಯಪ್‌ನ ಮೇಲೆ ತಿರುಗುತ್ತದೆ.

ಇನ್ನೊಂದು ನಿಯಮಕ್ಕೆ ಯಾವ ಸೆಟ್ಟಿಂಗ್ ಕೂಡ ಬೇಡ: ಇಯರ್‌ಫೋನ್ ಇಲ್ಲ, ಧ್ವನಿ ಜೋರಾಗಿಯೇ ಇರಲಿ. ಅಡುಗೆಮನೆಯಲ್ಲಿರುವವರ ಕಿವಿಗೆ ಹಾಡು ನಿಂತು ಬೇರೇನೋ ಶುರುವಾದದ್ದು ತಕ್ಷಣ ಬೀಳುತ್ತದೆ.

ಒಂಬತ್ತು ವರ್ಷ: ಅವನದೇ ಖಾತೆ, ಅವನದೇ ವಯಸ್ಸು

ಅಪ್ಪನ ಹಳೆಯ ಫೋನಿನಲ್ಲಿ ಅಪ್ಪನ ಗೂಗಲ್ ಖಾತೆಯೇ ಉಳಿದಿದೆ. ಅಂದರೆ ಗೂಗಲ್‌ಗೆ ಆ ಹುಡುಗ ನಲವತ್ತೆರಡು ವರ್ಷದ ಕೊಬ್ಬರಿ ವ್ಯಾಪಾರಿ. ಅವನು ಹುಡುಕಿದ್ದಕ್ಕೆಲ್ಲ ಬರುವುದು ವಯಸ್ಕರ ಫಲಿತಾಂಶ. ಜೊತೆಗೆ ಅಪ್ಪನ ಮೇಲ್, ಫೋಟೊ, ಬ್ರೌಸರ್‌ನಲ್ಲಿ ಉಳಿದ ಪಾಸ್‌ವರ್ಡ್‌ಗಳು ಎಲ್ಲವೂ ಅವನ ಕೈಯಲ್ಲಿವೆ.

ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಶುರುಮಾಡುವುದು ಶುದ್ಧವಾದ ದಾರಿ. ಅಪ್ಪನ ಫೋಟೊಗಳನ್ನು ಬೇರೆಡೆ ಉಳಿಸಿಕೊಂಡು Factory reset ಮಾಡಿ. ಫೋನು ಮತ್ತೆ ಚಾಲೂ ಆಗಿ ಖಾತೆ ಕೇಳಿದಾಗ ಹೊಸ ಖಾತೆ, ಮಗುವಿಗಾಗಿ ಎಂಬುದನ್ನು ಆರಿಸಿ. ಹೆಸರು ಕೊಡಿ. ಹುಟ್ಟಿದ ದಿನಾಂಕ ಕೇಳಿದಾಗ ಜನನ ಪ್ರಮಾಣಪತ್ರದಲ್ಲಿ ಇರುವುದನ್ನೇ ಕೊಡಿ. ಹದಿಮೂರಕ್ಕಿಂತ ಕಡಿಮೆ ಎಂದು ತಿಳಿದೊಡನೆ ಗೂಗಲ್ ಪೋಷಕರ ಖಾತೆ ಕೇಳುತ್ತದೆ. ಅಪ್ಪನೋ ಅಮ್ಮನೋ ತಮ್ಮ ಮೇಲ್ ವಿಳಾಸ, ಪಾಸ್‌ವರ್ಡ್ ಕೊಟ್ಟು ಒಪ್ಪಿಗೆ ಸೂಚಿಸಬೇಕು. ಒಪ್ಪಿಗೆ ಕೊಟ್ಟವರು ತಮ್ಮ ಫೋನಿನಲ್ಲಿ Family Link ಆ್ಯಪ್ ಹಾಕಿಕೊಂಡರೆ ಅಲ್ಲಿಂದಲೇ ಎಲ್ಲವನ್ನೂ ನಡೆಸಬಹುದು.

ಆ ಆ್ಯಪ್‌ನಲ್ಲಿ ಹತ್ತಾರು ಗುಂಡಿಗಳಿವೆ. ಎಲ್ಲವನ್ನೂ ಮೊದಲ ದಿನವೇ ತಿರುಗಿಸಬೇಕಿಲ್ಲ, ಮೂರು ಸಾಕು. ಹೊಸ ಆ್ಯಪ್ ಹಾಕಲು ಪ್ರತಿ ಸಲವೂ ಪೋಷಕರ ಒಪ್ಪಿಗೆ ಬೇಕು ಎಂದು ಇಡಿ. ಮಲಗುವ ಹೊತ್ತಿಗೆ ಫೋನು ಬೀಗ ಹಾಕಿಕೊಳ್ಳುವಂತೆ Downtime ಇಡಿ, ಉದಾಹರಣೆಗೆ ರಾತ್ರಿ ಎಂಟೂವರೆಯಿಂದ ಬೆಳಿಗ್ಗೆ ಏಳರವರೆಗೆ. ಮೂರನೆಯದು ಯೂಟ್ಯೂಬ್. ಹದಿಮೂರಕ್ಕಿಂತ ಚಿಕ್ಕವರ ಖಾತೆಗೆ ಒಂದೋ ಯೂಟ್ಯೂಬ್ ಕಿಡ್ಸ್, ಇಲ್ಲವೇ ಪೋಷಕರ ನಿಗಾ ಇರುವ ಯೂಟ್ಯೂಬ್. ಎರಡನೆಯದರಲ್ಲಿ Explore ಎಂಬ ಮಟ್ಟ ಒಂಬತ್ತಕ್ಕೆ ಮೇಲ್ಪಟ್ಟವರಿಗೆ, Explore more ಹದಿಮೂರಕ್ಕೆ ಮೇಲ್ಪಟ್ಟವರಿಗೆ. ‘ನಮ್ಮ ಹುಡುಗ ಚೂಟಿ’ ಎಂದುಕೊಂಡು Explore moreಗೆ ಹಾರಬೇಡಿ. ಚೂಟಿತನಕ್ಕೂ ಭಯಪಡುವ ವಯಸ್ಸಿಗೂ ಸಂಬಂಧವಿಲ್ಲ.

ಇದರ ಮೇಲೆ ಇನ್ನೊಂದು ತಡೆ ಹಾಕಬಹುದು, ಕಾಸು ಬೇಡ. ಸೆಟ್ಟಿಂಗ್ಸ್‌ನಲ್ಲಿ Private DNS ಎಂದು ಹುಡುಕಿ, ಹೆಸರು ಕೇಳುವ ಜಾಗದಲ್ಲಿ ಹೀಗೆ ಬರೆಯಿರಿ:

```
family.cloudflare-dns.com
```

ಫೋನು ಯಾವುದೇ ಜಾಲತಾಣ ತೆರೆಯುವ ಮುನ್ನ ಅದರ ವಿಳಾಸವನ್ನು ಎಲ್ಲಿಯಾದರೂ ಕೇಳಿ ತಿಳಿಯಬೇಕು. ಇನ್ನು ಅದು ಕೇಳುವುದು ಅಶ್ಲೀಲ ಮತ್ತು ವೈರಸ್ ಹರಡುವ ತಾಣಗಳ ವಿಳಾಸ ಕೊಡಲು ಒಪ್ಪದ ಈ ಸೇವೆಯನ್ನು. ಮನೆಯ ವೈಫೈ ಇರಲಿ, ಸಿಮ್ಮಿನ ಡೇಟಾ ಇರಲಿ, ಎರಡರಲ್ಲೂ ನಡೆಯುತ್ತದೆ. ಆದರೆ ಇದು ತಾಣವನ್ನು ತಡೆಯುತ್ತದೆ, ಆ್ಯಪ್‌ನೊಳಗಿನ ವಿಡಿಯೊವನ್ನು ತಡೆಯಲಾರದು. ಫೋನಿನ ಸಂಪರ್ಕವನ್ನು ಬೇರೆ ದಾರಿಯಲ್ಲಿ ಸಾಗಿಸುವ ವಿಪಿಎನ್ ಆ್ಯಪ್ ಹಾಕಿದರೆ ಇದೂ ನಿಷ್ಪ್ರಯೋಜಕ. ಅದಕ್ಕಾಗಿಯೇ ಹೊಸ ಆ್ಯಪ್‌ಗೆ ಒಪ್ಪಿಗೆ ಬೇಕು ಎಂಬ ಗುಂಡಿಯನ್ನು ಮೊದಲು ಹೇಳಿದ್ದು.

ಎಲ್ಲವೂ ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಮಗನ ಫೋನನ್ನು ಕೈಗೆತ್ತಿಕೊಂಡು ನೀವೇ ಮುರಿಯಲು ನೋಡಿ. ಪ್ಲೇ ಸ್ಟೋರ್‌ನಿಂದ ಒಂದು ಆಟ ಹಾಕಲು ಹೋಗಿ. ನಿಮ್ಮ ಫೋನಿಗೆ ಒಪ್ಪಿಗೆ ಕೇಳುವ ಸೂಚನೆ ಬರಬೇಕು. ಫೋನಿನ ಖಾತೆಗಳ ಪಟ್ಟಿಯಲ್ಲಿ ಎರಡನೆಯ ಗೂಗಲ್ ಖಾತೆ ಇದ್ದರೆ ಯಾರದೆಂದು ಕೇಳಿ.

ಈ ವಯಸ್ಸಿನಲ್ಲಿ ಹೊರಗಿನವರು ಒಳಬರುವ ಬಾಗಿಲು ಹೆಚ್ಚಾಗಿ ಆಟಗಳ ಮಾತುಕತೆ. ತಂಡ ಕಟ್ಟಿಕೊಂಡು ಆಡುವ ಆಟಗಳಲ್ಲಿ ಬರಹದ ಚಾಟ್ ಇರುತ್ತದೆ, ಮೈಕ್ ಇರುತ್ತದೆ. Family Link ಆಟ ಎಷ್ಟು ಹೊತ್ತು ನಡೆಯಿತು ಎಂದು ಹೇಳುತ್ತದೆ, ಆಟದೊಳಗೆ ಯಾರು ಏನೆಂದರು ಎಂದು ಹೇಳಲಾರದು. ಪ್ರತಿ ಆಟದ ಸೆಟ್ಟಿಂಗ್ಸ್ ತೆರೆದು ಚಾಟ್ ಮುಚ್ಚಿ, ಆಗದಿದ್ದರೆ ಸ್ನೇಹಿತರಿಗೆ ಮಾತ್ರ ಎಂದು ಇಡಿ. ಆಟದ ಅಡ್ಡಹೆಸರಿನಲ್ಲಿ ನಿಜ ಹೆಸರು, ಊರು, ಹುಟ್ಟಿದ ಇಸವಿ ಬೇಡ. ಹೆಸರಿನ ಕೊನೆಗೆ 2016 ಎಂದು ಬರೆದುಕೊಂಡವನು ತನ್ನ ವಯಸ್ಸನ್ನು ಊರಿಗೆಲ್ಲ ಸಾರಿದಂತೆಯೇ.

ಮಗನಿಗೆ ನೇರವಾಗಿ ಹೇಳಿಕೊಡಬೇಕಾದ ಸೂಚನೆಗಳು ಎರಡೇ. ಯಾರಾದರೂ ಆಟದಲ್ಲಿ ಹಣದಂತೆ ಬಳಸುವ ಡೈಮಂಡ್ ಉಚಿತವಾಗಿ ಕೊಡುತ್ತೇನೆ, ಒಂದು ಕೋಡ್ ಬರುತ್ತದೆ, ಓದಿ ಹೇಳು ಎಂದರೆ ಅದು ಕಳ್ಳತನ. ಯಾರಾದರೂ ಇಲ್ಲಿ ಬೇಡ, ವಾಟ್ಸ್‌ಆ್ಯಪ್‌ಗೆ ಬಾ, ಅಪ್ಪನಿಗೆ ಹೇಳಬೇಡ ಎಂದರೆ ಅವರು ಯಾರೇ ಇರಲಿ, ಆ ಕ್ಷಣವೇ ಅಪ್ಪನಿಗೆ ಹೇಳಬೇಕು. ಮಕ್ಕಳನ್ನು ಬಲೆಗೆ ಕೆಡವುವವರು ಮೊದಲು ಮಾಡುವ ಕೆಲಸವೇ ಮಾತನ್ನು ಎಲ್ಲರಿಗೂ ಕಾಣುವ ಜಾಗದಿಂದ ಗುಟ್ಟಿನ ಜಾಗಕ್ಕೆ ಸಾಗಿಸುವುದು. ಕೆಟ್ಟ ಮಾತು ಬರುವುದು ಬಹಳ ಆಮೇಲೆ.

ಹದಿನಾಲ್ಕು ವರ್ಷ: ಸುಳ್ಳು ಇಸವಿಯನ್ನು ಸರಿಪಡಿಸುವುದು

ದೊಡ್ಡ ಮಗಳು ಇನ್‌ಸ್ಟಾಗ್ರಾಂ ತೆರೆದದ್ದು ಹನ್ನೊಂದರಲ್ಲಿ, ಇಸವಿ 1999 ಎಂದು ಕೊಟ್ಟು. ಖಾತೆ ಎಲ್ಲರಿಗೂ ತೆರೆದಿದೆ, ಐನೂರಕ್ಕೂ ಹೆಚ್ಚು ಫಾಲೋವರ್‌ಗಳಿದ್ದಾರೆ, ಮುಕ್ಕಾಲುಪಾಲು ಯಾರೆಂದು ಅವಳಿಗೇ ಗೊತ್ತಿಲ್ಲ. ಇಲ್ಲಿ ಅಮ್ಮ ಫೋನು ಕಸಿದುಕೊಂಡರೆ ಆ ಖಾತೆ ಗೆಳತಿಯ ಫೋನಿನಲ್ಲಿ ಮುಂದುವರಿಯುತ್ತದೆ, ಅಷ್ಟೇ. ಬೇಹುಗಾರಿಕೆಯ ಆ್ಯಪ್‌ಗಳನ್ನು ಗುಟ್ಟಾಗಿ ಹಾಕುವುದನ್ನೂ ನಾನು ಒಪ್ಪುವುದಿಲ್ಲ. ಅವು ಮಗಳ ಸಂದೇಶ, ಫೋಟೊಗಳನ್ನೆಲ್ಲ ಯಾವುದೋ ಗುರುತಿಲ್ಲದ ಕಂಪನಿಯ ಸರ್ವರ್‌ಗೆ ಒಪ್ಪಿಸುತ್ತವೆ; ಗೊತ್ತಾದ ದಿನ ಅವಳು ಅಮ್ಮನಿಗೆ ಏನನ್ನೂ ಹೇಳುವುದನ್ನು ಬಿಡುತ್ತಾಳೆ.

ಇಬ್ಬರೂ ಪಕ್ಕ ಪಕ್ಕ ಕೂತು ಮಾಡಬೇಕಾದ ಕೆಲಸವಿದು, ಫೋನು ಮಗಳ ಕೈಯಲ್ಲಿಯೇ ಇರಬೇಕು. ‘ನಿನ್ನ ಮೆಸೇಜ್ ಓದುವುದಿಲ್ಲ ಕಣಮ್ಮ, ಖಾತೆಯ ಬಾಗಿಲುಗಳನ್ನು ಮಾತ್ರ ನೋಡೋಣ’ ಎಂದು ಮೊದಲೇ ಹೇಳಿ, ಹೇಳಿದಂತೆ ನಡೆದುಕೊಳ್ಳಿ.

ಇನ್‌ಸ್ಟಾಗ್ರಾಂನ Accounts Center ಒಳಗೆ Personal details, ಅಲ್ಲಿ ಹುಟ್ಟಿದ ದಿನಾಂಕ ಇರುತ್ತದೆ. ಅದನ್ನು ನಿಜವಾದದ್ದಕ್ಕೆ ತಿದ್ದಿ. ಹದಿಮೂರು ತುಂಬಿದೆಯೇ ಎಂದು ಮೊದಲು ಲೆಕ್ಕ ಹಾಕಿಕೊಳ್ಳಿ. ತುಂಬಿರದಿದ್ದರೆ ಕಂಪನಿ ಖಾತೆಯನ್ನೇ ಮುಚ್ಚುತ್ತದೆ, ಮುಚ್ಚುವುದೇ ಸರಿ. ತಿದ್ದುಪಡಿ ಯಾವುದೋ ಕಾರಣಕ್ಕೆ ಒಪ್ಪಿಗೆಯಾಗದಿದ್ದರೆ ಹಳೆಯದನ್ನು ಅಳಿಸಿ, ಸರಿಯಾದ ದಿನಾಂಕದಲ್ಲಿ ಹೊಸ ಖಾತೆ ತೆರೆಯಿರಿ. ಐನೂರು ಅಪರಿಚಿತರೂ ಒಟ್ಟಿಗೇ ತೊಲಗುತ್ತಾರೆ.

ದಿನಾಂಕ ಸರಿಯಾದಾಗ ಸಿಗುವುದು ‘ಟೀನ್ ಅಕೌಂಟ್’. 2024ರ ಸೆಪ್ಟೆಂಬರ್‌ನಲ್ಲಿ ಕೆಲವು ದೇಶಗಳಲ್ಲಿ ಶುರುವಾಗಿ, 2025ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದ ವ್ಯವಸ್ಥೆ ಇದು. ಖಾತೆ ತಾನಾಗಿ ಖಾಸಗಿಯಾಗುತ್ತದೆ. ಅವಳು ಫಾಲೋ ಮಾಡುವವರು ಅಥವಾ ಈಗಾಗಲೇ ಸಂಪರ್ಕದಲ್ಲಿರುವವರು ಮಾತ್ರ ಸಂದೇಶ ಕಳಿಸಬಹುದು. ದಿನಕ್ಕೆ ಒಂದು ಗಂಟೆಯಾದಾಗ ಸಾಕು ಎಂಬ ಸೂಚನೆ ಬರುತ್ತದೆ, ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ನೋಟಿಫಿಕೇಶನ್ ಮೌನವಾಗುತ್ತದೆ. ಹದಿನಾರಕ್ಕಿಂತ ಚಿಕ್ಕವರು ಇವನ್ನು ಸಡಿಲಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು. ಪೋಷಕರ ನಿಗಾವನ್ನು ಜೋಡಿಸಿದರೆ ಕಳೆದ ಏಳು ದಿನಗಳಲ್ಲಿ ಅವಳು ಯಾರೊಂದಿಗೆ ಮಾತಾಡಿದಳು ಎಂದು ಅಮ್ಮನಿಗೆ ಕಾಣುತ್ತದೆ, ಏನು ಮಾತಾಡಿದಳು ಎಂಬುದು ಕಾಣುವುದಿಲ್ಲ. ಇದು ನ್ಯಾಯವಾದ ಗಡಿ ಎಂದೇ ನನ್ನ ಅಭಿಪ್ರಾಯ.

ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ಖಾತೆ ಖಾಸಗಿಯಾದರೂ ಹಳೆಯ ಫಾಲೋವರ್‌ಗಳು ಒಳಗೇ ಉಳಿಯುತ್ತಾರೆ. ಬಾಗಿಲು ಮುಚ್ಚಿದ್ದು ಹೊಸಬರಿಗೆ ಮಾತ್ರ. ಅಪರಿಚಿತನನ್ನು ಅವಳು ಫಾಲೋ ಮಾಡುತ್ತಿದ್ದರೆ ಅವನ ಸಂದೇಶವೂ ಬರುತ್ತಲೇ ಇರುತ್ತದೆ. ಆದ್ದರಿಂದ Followers ಮತ್ತು Following ಎರಡೂ ಪಟ್ಟಿಗಳನ್ನು ಒಂದೊಂದೇ ಹೆಸರು ನೋಡುತ್ತಾ ಇಳಿಯಬೇಕು. ಕೇಳಬೇಕಾದ ಪ್ರಶ್ನೆ ಒಂದೇ: ‘ಇವರು ಎದುರಿಗೆ ಬಂದರೆ ಗುರುತು ಹಿಡಿಯುತ್ತೀಯಾ?’ ಇಲ್ಲ ಎಂದಾದರೆ ತೆಗೆದುಹಾಕಿ. ಫಾಲೋವರ್ ಒಬ್ಬರನ್ನು ತೆಗೆದರೆ ಅವರಿಗೆ ಸೂಚನೆ ಹೋಗುವುದಿಲ್ಲ, ಇದನ್ನು ಮಗಳಿಗೆ ಹೇಳಿ. ಹದಿಹರೆಯದಲ್ಲಿ ಅವರ ದೊಡ್ಡ ಸಂಕೋಚ ಅದೇ. ಸಿನಿಮಾ ನಟರು, ಕ್ರಿಕೆಟಿಗರ ಹೆಸರಿನ ಖಾತೆಗಳಲ್ಲಿ ನೀಲಿ ಗುರುತು ಇಲ್ಲದ ‘ಅಭಿಮಾನಿ’ ಖಾತೆಗಳೂ ಅಪರಿಚಿತರೇ.

ಆಮೇಲೆ ಹಳೆಯ ಫೋಟೊ, ರೀಲ್ಸ್‌ಗಳತ್ತ ಬನ್ನಿ. ಸಮವಸ್ತ್ರದ ಮೇಲಿನ ಶಾಲೆಯ ಲಾಂಛನ, ಮನೆಯ ಮುಂದಿನ ಬೀದಿಯ ಫಲಕ, ಟ್ಯೂಷನ್ ಮುಗಿಯುವ ಹೊತ್ತಿಗೆ ದಿನವೂ ಹಾಕಿದ ಸ್ಟೋರಿ, ಇವು ಒಂದೊಂದಾಗಿ ಏನೂ ಅಲ್ಲ. ಒಟ್ಟಿಗೆ ಇಟ್ಟರೆ ಹುಡುಗಿ ಯಾವ ಹೊತ್ತಿಗೆ ಯಾವ ತಿರುವಿನಲ್ಲಿ ಒಬ್ಬಳೇ ಇರುತ್ತಾಳೆ ಎಂದು ಅಪರಿಚಿತನಿಗೆ ತಿಳಿಯುತ್ತದೆ. ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಸ್ಥಳ ಗುರುತಿಸುವ ಆಯ್ಕೆ ಮುಚ್ಚಿ. ಸ್ನ್ಯಾಪ್‌ಚಾಟ್ ಇದ್ದರೆ ಅದರ ನಕ್ಷೆಯಲ್ಲಿ Ghost Mode ಹಾಕಿ. ಇದೇ ಮಾತು ಅಮ್ಮನ ಸ್ಟೇಟಸ್‌ಗೂ ಅನ್ವಯಿಸುತ್ತದೆ: ಮಕ್ಕಳ ಪೂರ್ತಿ ಹೆಸರು, ತರಗತಿ, ಶಾಲೆ ಎಲ್ಲ ಇರುವ ಅಂಕಪಟ್ಟಿಯನ್ನು ಊರಿಗೆ ಹಂಚುವವರು ಹೆಚ್ಚಾಗಿ ನಾವೇ.

ವಾಟ್ಸ್‌ಆ್ಯಪ್‌ನಲ್ಲಿ ಕೆಲಸ ಕಡಿಮೆ. Settings, Privacy ಒಳಗೆ ಪ್ರೊಫೈಲ್ ಚಿತ್ರ ಮತ್ತು Groups ಎರಡನ್ನೂ My contacts ಎಂದು ಇಡಿ. Calls ಒಳಗೆ ಅಪರಿಚಿತ ಕರೆಗಳನ್ನು ಮೌನಗೊಳಿಸುವ ಆಯ್ಕೆ ಒತ್ತಿ. Account ಒಳಗೆ Two-step verification ಚಾಲೂ ಮಾಡಿ ಆರಂಕಿಯ ಪಿನ್ ಇಡಿ. Linked devices ತೆರೆದು ಗುರುತಿಲ್ಲದ ಕಂಪ್ಯೂಟರ್ ಕಂಡರೆ ತೆಗೆದುಹಾಕಿ; ಮಗಳ ಫೋನು ಒಂದು ನಿಮಿಷ ಕೈಗೆ ಸಿಕ್ಕರೆ ಸಾಕು, ಯಾರಾದರೂ ಅವಳ ಸಂದೇಶಗಳನ್ನು ತಮ್ಮ ಕಂಪ್ಯೂಟರಿನಲ್ಲಿ ಓದುವಂತೆ ಜೋಡಿಸಿಕೊಳ್ಳಬಹುದು. ಇನ್ನು ಟ್ಯೂಷನ್ ಗ್ರೂಪಿನಲ್ಲಿ ಅವಳ ಸಂಖ್ಯೆ ಎಲ್ಲ ಸದಸ್ಯರಿಗೂ ಕಾಣುತ್ತದೆ, ಅದಕ್ಕೆ ಸೆಟ್ಟಿಂಗ್ ಇಲ್ಲ. ಅಂಥ ಗ್ರೂಪುಗಳಿಗೆ ಅಮ್ಮನ ಸಂಖ್ಯೆಯನ್ನೇ ಕೊಡುವುದು ಲೇಸು.

ಬೆದರಿಕೆ ಬಂದ ರಾತ್ರಿ

ಎಲ್ಲ ಮಾಡಿದ ಮೇಲೂ ಆಗಬಹುದಾದದ್ದು ಹೀಗಿರುತ್ತದೆ. ತನ್ನದೇ ವಯಸ್ಸಿನ ಹುಡುಗನೆಂದು ಹೇಳಿಕೊಂಡವನು ಕೆಲವು ವಾರ ಸಿಹಿಯಾಗಿ ಮಾತಾಡಿ, ಒಮ್ಮೆ ನೋಡಿದರೆ ಅಳಿಸಿಹೋಗುವ ಚಿತ್ರ ಕಳಿಸು ಎನ್ನುತ್ತಾನೆ. ಅಳಿಸಿಹೋಗುವ ಚಿತ್ರವನ್ನು ಇನ್ನೊಂದು ಫೋನಿನಿಂದ ಫೋಟೊ ತೆಗೆಯಲು ಏನೂ ಅಡ್ಡಿಯಿಲ್ಲ. ಮರುದಿನ ಬರುವುದು ‘ಹಣ ಕಳಿಸು, ಇಲ್ಲದಿದ್ದರೆ ನಿನ್ನ ಶಾಲೆಯವರಿಗೆಲ್ಲ ಕಳಿಸುತ್ತೇನೆ’ ಎಂಬ ಸಂದೇಶ. ಗಂಡುಮಕ್ಕಳಿಗೂ ಇದು ಆಗುತ್ತದೆ, ಅವರು ಹೇಳುವುದು ಇನ್ನೂ ಕಡಿಮೆ.

ಗೊತ್ತಾದ ಮೇಲೆ ಹಣ ಕಳಿಸಬೇಡಿ. ಕೊಟ್ಟರೆ ಮತ್ತೆ ಕೇಳುತ್ತಾನೆ. ಮಾತುಕತೆ ಅಳಿಸಬೇಡಿ, ಖಾತೆಯನ್ನೂ ಅಳಿಸಬೇಡಿ. ಬೆದರಿಕೆಯ ಸಂದೇಶ, ಅವನ ಖಾತೆಯ ಹೆಸರು, ಫೋನ್ ಸಂಖ್ಯೆ, ಹಣ ಕೇಳಿದ ಯುಪಿಐ ವಿಳಾಸ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಆಮೇಲೆ ಆ್ಯಪ್‌ನಲ್ಲಿಯೇ ದೂರು ಕೊಟ್ಟು ಬ್ಲಾಕ್ ಮಾಡಿ. ಗಾಬರಿಯಲ್ಲಿ ಆಗುವ ಒಂದು ಅನಾಹುತವಿದೆ: ಆ ಚಿತ್ರವನ್ನು ‘ಸಾಕ್ಷಿಗೆ’ ಎಂದು ಅಣ್ಣನಿಗೋ ಮುಖ್ಯೋಪಾಧ್ಯಾಯರಿಗೋ ಕಳಿಸುವುದು. ಹದಿನೆಂಟರೊಳಗಿನವರ ಅಂಥ ಚಿತ್ರವನ್ನು ಕಳಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಚಿತ್ರ ಇದ್ದ ಫೋನಿನಲ್ಲಿಯೇ ಇರಲಿ, ತನಿಖಾಧಿಕಾರಿ ನೋಡಲಿ.

ಚಿತ್ರ ಹರಡುವುದನ್ನು ತಡೆಯಲು takeitdown.ncmec.org ಎಂಬ ಉಚಿತ ಸೇವೆ ಇದೆ. ಅಲ್ಲಿ ಚಿತ್ರವನ್ನು ಕಳಿಸಬೇಕಿಲ್ಲ. ನಿಮ್ಮ ಫೋನಿನಲ್ಲಿಯೇ ಆ ಚಿತ್ರದಿಂದ ಅಂಕೆಗಳ ಒಂದು ಗುರುತು ತಯಾರಾಗಿ ಅದು ಮಾತ್ರ ಹೋಗುತ್ತದೆ. ಒಪ್ಪಂದ ಮಾಡಿಕೊಂಡ ಕಂಪನಿಗಳು ಅದಕ್ಕೆ ಹೊಂದುವ ಚಿತ್ರ ತಮ್ಮಲ್ಲಿ ಕಂಡರೆ ತೆಗೆಯುತ್ತವೆ. ವಾಟ್ಸ್‌ಆ್ಯಪ್‌ನಂತೆ ಗೂಢಲಿಪಿಯಲ್ಲಿ ಸಾಗುವ ಸಂದೇಶಗಳ ಮೇಲೆ ಇದು ಕೆಲಸ ಮಾಡಲಾರದು.

ದೂರಿಗೆ cybercrime.gov.in ತೆರೆದು ಮಹಿಳೆ ಮತ್ತು ಮಕ್ಕಳ ವಿಭಾಗಕ್ಕೆ ಹೋಗಿ. ಹೆಸರು ಹೇಳದೆ ದೂರು ಕೊಡುವ Report Anonymously ಇದೆ, ಆದರೆ ಅದರ ಪ್ರಗತಿ ನಿಮಗೆ ಕಾಣುವುದಿಲ್ಲ. ನಿಮ್ಮದೇ ಮಗುವಿನ ಪ್ರಕರಣಕ್ಕೆ Report and Track ಆರಿಸಿ. ಹಣ ಹೋಗಿದ್ದರೆ ಮೊದಲ ಗಂಟೆಗಳಲ್ಲೇ 1930ಕ್ಕೆ ಕರೆ ಮಾಡಿ. ಮಗುವಿಗೆ ಆಸರೆ ಬೇಕಾದರೆ 1098, ಹಗಲೂ ರಾತ್ರಿಯೂ. ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳನ್ನೂ ನೋಡುವ ಸೆನ್ ಪೊಲೀಸ್ ಠಾಣೆಗಳಿವೆ. ಮಗಳನ್ನು ಠಾಣೆಯಲ್ಲಿ ಕೂರಿಸುವರೇ ಎಂಬ ಅಂಜಿಕೆಯಿಂದ ಬಹಳ ಮನೆಯವರು ಹಿಂಜರಿಯುತ್ತಾರೆ. ಪೋಕ್ಸೊ ಕಾಯ್ದೆಯ ಪ್ರಕಾರ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಪಡೆಯಬೇಕು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಗುರುತನ್ನು ಮಾಧ್ಯಮಗಳು ಬಯಲು ಮಾಡುವಂತಿಲ್ಲ. ಇದನ್ನು ಮಗಳಿಗೂ ಓದಿ ಹೇಳಿ, ಏನೂ ಆಗದಿರುವಾಗಲೇ.

ಜೊತೆಗೆ ಇನ್ನೊಂದು ಮಾತನ್ನೂ ಮುಂಚಿತವಾಗಿ ಕೊಡಿ: ಇಂಥದ್ದೇನನ್ನಾದರೂ ತಾನಾಗಿ ಬಂದು ಹೇಳಿದರೆ ಫೋನು ಕಸಿದುಕೊಳ್ಳುವುದಿಲ್ಲ. ಬೆದರಿಸುವವನ ಬಂಡವಾಳವೇ ‘ಮನೆಯಲ್ಲಿ ಗೊತ್ತಾದರೆ ನಿನ್ನ ಗತಿ ಏನು’ ಎಂಬ ಭಯ.

ಹದಿನಾರು, ಹದಿನೆಂಟು

ಹದಿನಾರು ತುಂಬಿದ ದಿನ ಮಗಳು ಟೀನ್ ಅಕೌಂಟ್‌ನ ತಡೆಗಳಲ್ಲಿ ಹಲವನ್ನು ತಾನೇ ಸಡಿಲಿಸಬಹುದು, ಪೋಷಕರ ನಿಗಾ ಜೋಡಿಸಿರದಿದ್ದರೆ. ಎಸ್ಸೆಸ್ಸೆಲ್ಸಿ ಮುಗಿದು ಪಿಯುಗೆ ಸೇರುವ, ಹೊಸ ಫೋನು ಬರುವ, ಊರು ಬಿಟ್ಟು ಹಾಸ್ಟೆಲ್ ಸೇರುವ ಕಾಲವೂ ಹೆಚ್ಚುಕಡಿಮೆ ಅದೇ. ಆ ಬೇಸಿಗೆ ರಜೆಯಲ್ಲಿ Followers, Following ಪಟ್ಟಿಗಳನ್ನು, ವಾಟ್ಸ್‌ಆ್ಯಪ್‌ನ Linked devices ಅನ್ನು ಮತ್ತೊಮ್ಮೆ ನೋಡಿ, ಈ ಸಲ ಅವಳೇ ನಡೆಸಲಿ, ಅಮ್ಮ ಪಕ್ಕದಲ್ಲಿರಲಿ.

ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಹದಿನೆಂಟರವರೆಗೂ ಮಗುವೇ. ಮಗುವಿನ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು, ಮಗುವಿನ ಚಲನವಲನ ಹಿಂಬಾಲಿಸಿ ಜಾಹೀರಾತು ತೋರಿಸುವಂತಿಲ್ಲ ಎನ್ನುತ್ತದೆ ಅದು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಆದರೆ 1999 ಎಂದು ಬರೆದ ಖಾತೆಗೆ ಈ ಕಾಯ್ದೆಯ ರಕ್ಷಣೆ ತಲುಪುವ ದಾರಿ ಬಹಳ ಕಷ್ಟ. ಹದಿನೆಂಟು ತುಂಬಿದಾಗ ಟೀನ್ ಅಕೌಂಟ್‌ನ ಕಡ್ಡಾಯ ತಡೆಗಳು ಮುಗಿಯುತ್ತವೆ. ಆ ಹುಟ್ಟುಹಬ್ಬಕ್ಕೆ ಒಂದು ವಾರ ಮೊದಲೇ ಖಾತೆ ಖಾಸಗಿಯಾಗಿಯೇ ಉಳಿಯುವಂತೆ, ಸಂದೇಶ ಪರಿಚಿತರಿಂದ ಮಾತ್ರ ಬರುವಂತೆ ಅವಳೇ ಕೈಯಾರೆ ಹೊಂದಿಸಿಕೊಳ್ಳಬೇಕು.